ಕೆಂಪು ಗೆರೆಗೆ ಹೆದರಿದವಳು

ನನಗೆ ಮೂಗಿನ ತುದಿಯಲ್ಲೇ ಕೋಪ. ವಿದ್ಯಾನಗರದ ನಮ್ಮ ಕಾಲೇಜಿನಲ್ಲಿ ಇದು ಗೇಟಿನ ವಾಚ್‌ಮನ್‌ಗೂ ಗೊತ್ತು. ಸಮಾಜಕಾರ್ಯದ ಎಂ.ಎ. ಮಕ್ಕಳ ಪ್ರಬಂಧಕ್ಕೆ ಗೈಡ್ ಆಗಿ ಕೂತರಂತೂ ಕೇಳುವುದೇ ಬೇಡ.

ಆ ವರ್ಷ ನನ್ನ ಪಾಲಿಗೆ ಹರಿಹರದ ಒಬ್ಬ ಹುಡುಗಿ ಬಂದಳು. ಗುತ್ತೂರಿನ ಸುತ್ತ ಕಾರ್ಖಾನೆಗಳಿಗೆ ಹೋಗುವ ಹೆಂಗಸರ ಆರೋಗ್ಯ ಅವಳ ವಿಷಯ. ಬಿಸಿಲಲ್ಲಿ ತಿರುಗಿ, ಅವರ ಜೊತೆ ಕೂತು ಉಂಡು, ಮಾತಾಡಿಸಿ ಬರೆದಳು. ಅಧ್ಯಾಯ ಮುಗಿದ ಹಾಗೆಲ್ಲ ನನಗೆ ಮೇಲ್ ಮಾಡುತ್ತಿದ್ದಳು. ಸರಳ ಇಂಗ್ಲಿಷ್, ಒಂದೂ ಸುಳ್ಳಿಲ್ಲ. ಹರಿಹರದ ಒಂದು ಮಹಿಳಾ ಸಂಸ್ಥೆಯಲ್ಲಿ ಅವಳಿಗೆ ಕೆಲಸ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಈ ಸಲ ಡಿಗ್ರಿ ಕೈಗೆ ಬರಬೇಕು, ಅಷ್ಟೆ.

ಸಾಫ್ಟ್ ಕಾಪಿಯನ್ನು ವಿಭಾಗಕ್ಕೆ ಕೊಟ್ಟು, ಪ್ರಿಂಟ್ ಹಿಡಿದುಕೊಂಡು ನನ್ನ ಸಹಿಗೆ ಬಂದಳು. ಎರಡು ಪುಟ ಓದುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಯಿತು. ಹೆಂಗಸರು ಪಾಳಿ ಮುಗಿಯುವ ತನಕ ನೀರು ಕುಡಿಯುವುದಿಲ್ಲ ಎಂದು ನನಗೆ ಕಳಿಸಿದ್ದರಲ್ಲಿ ಬರೆದಿದ್ದಳಲ್ಲ, ಆ ಜಾಗದಲ್ಲಿ 'ದ್ರವಸೇವನೆಯಲ್ಲಿ ಮಿತವ್ಯಯ ಪಾಲಿಸುತ್ತಾರೆ' ಎಂಬರ್ಥದ ಇಂಗ್ಲಿಷ್ ಕೂತಿತ್ತು.

"ಇದು ಯಾರು ಬರೆದದ್ದು?" ಎಂದು ಗದರಿದೆ.

"ನಾನೇ ಬರ್ದಿದ್ದು ಮೇಡಂ, ದೇವ್ರಾಣೆ," ಎಂದು ಅತ್ತುಬಿಟ್ಟಳು.

ಆದದ್ದು ಇಷ್ಟು. ಈ ಸಲ ಎಐ ಬರೆದದ್ದನ್ನು ಹಿಡಿಯುತ್ತಾರಂತೆ ಎಂದು ಹಾಸ್ಟೆಲ್ ಗೆಳತಿಯರು ಹೇಳಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಕದಿಯದ ನಮ್ಮ ಹುಡುಗಿ ಹೆಗಲು ಮುಟ್ಟಿ ನೋಡಿಕೊಂಡಳು. ಯಾವುದೋ ಪುಕ್ಕಟೆ ಸೈಟಿಗೆ ತನ್ನ ಅಧ್ಯಾಯ ಹಾಕಿದಳು. ಅದು ಮುಕ್ಕಾಲು ಪಾಲು ಯಂತ್ರದ್ದು ಎಂದು ಸಾಲು ಸಾಲಿಗೆ ಕೆಂಪು ಬಳಿಯಿತು. ಕೆಂಪಾದದ್ದನ್ನು ತಿದ್ದಿದಳು, ಅಂಕಿ ಇಳಿಯಿತು. ಮತ್ತೆ ಹಾಕಿದಳು, ಮುಟ್ಟದೇ ಬಿಟ್ಟಿದ್ದ ಸಾಲು ಕೆಂಪಾಯಿತು. ಇನ್ನೊಂದು ಸೈಟು ಪೂರ್ತಿ ಬೇರೆಯೇ ಹೇಳಿತು. ಸಾಕಾಗಿ, ಮಾತು ಬದಲಿಸಿಕೊಡುವ ಆ್ಯಪ್‌ಗೆ ಕೆಲವು ಪ್ಯಾರಾ ಕೊಟ್ಟಳು.

"ಅಯ್ಯೋ ಮಂಕೇ," ಎಂದೆ. "ಆ ಸೈಟು ನೀನು ಬರೆಯೋದನ್ನ ಕೂತು ನೋಡಿತ್ತೇನು? ಮುಂದಿನ ಪದ ಸುಲಭವಾಗಿ ಊಹೆಗೆ ಸಿಕ್ಕರೆ, ವಾಕ್ಯ ಎಲ್ಲಾ ಒಂದೇ ಅಳತೆಯಲ್ಲಿದ್ದರೆ ಯಂತ್ರ ಇರಬಹುದು ಅನ್ನುತ್ತೆ. ಅದೊಂದು ಅಂದಾಜು. ಶಾಲೇಲಿ ಇಂಗ್ಲಿಷ್ ಕಲಿತ ನಮ್ಮಂಥೋರು ಸೀದಾ ಸಾದಾ ಬರೀತೀವಿ, ಅದಕ್ಕೂ ಹಾಗೇ ಅನ್ನಬಹುದು. ನಿನ್ನದನ್ನ ಯಂತ್ರದ್ದು ಅಂತು ಅಂತ ಹೆದರಿ, ನಿಜವಾಗ್ಲೂ ಯಂತ್ರದ್ದನ್ನೇ ತಂದು ಸೇರಿಸಿದೀಯಲ್ಲೇ!" ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು.

ಅಷ್ಟರಲ್ಲಿ ವಿಭಾಗದ ಸಮಿತಿಯಿಂದ ಕರೆ ಬಂತು. ಭಾಷೆ ಅನುಮಾನ ಹುಟ್ಟಿಸುತ್ತಿದೆ, ಹುಡುಗಿ ಬಂದು ವಿವರಿಸಲಿ ಎಂದು. ಫೈಲಿನಲ್ಲಿ ಯಾವಾಗ ಏನು ತಿದ್ದಿದ್ದು ಎಂಬ ಇತಿಹಾಸವನ್ನೂ ಕೇಳಿದರು. ಅದರಲ್ಲಿ ಕಂಡದ್ದೇನು? ಎಲ್ಲಿಂದಲೋ ತಂದ ಚಂದದ ವಾಕ್ಯಗಳನ್ನು ಪದ ಪದ ಕಿತ್ತು ಮರೆಮಾಚಿದ ಹಾಗಿತ್ತು. ಅವಳನ್ನು ಕಾಯಬೇಕಾದ ಸಾಕ್ಷಿಯೇ ಅವಳಿಗೆ ತಿರುಗಿಬಿತ್ತು. ನಾನು ಹಳೆಯ ಮೇಲ್‌ಗಳನ್ನು ಪ್ರಿಂಟ್ ತೆಗೆಸಿ ಮೇಜಿನ ಮೇಲಿಟ್ಟೆ.

ಸಮಿತಿಯ ಹಿರಿಯರೊಬ್ಬರು ಅವುಗಳನ್ನು ಪಕ್ಕಕ್ಕೆ ಸರಿಸಿ ಅವಳನ್ನೇ ಕೇಳಿದರು, "ಈ ಹೆಂಗಸ್ರು ನೀರು ಕಮ್ಮಿ ಕುಡೀತಾರೆ ಅಂತ ಬರ್ದೀಯ. ಯಾಕ?"

ಅವಳು ತಲೆ ಎತ್ತಿದಳು. "ಸಂಡಾಸು ಭಾಳ ದೂರ ಐತ್ರಿ ಸರ್. ಎದ್ದು ಹೋದ್ರೆ ಸೂಪರ್‌ವೈಸರ್ ಗಡಿಯಾರ ನೋಡ್ತಾನೆ. ಅದಕ್ಕೇ ಬೆಳಿಗ್ಗೆಯಿಂದಾನೇ ಬಾಯಿ ಒಣಗಿಸ್ಕೊಂಡು ಕೂಡ್ತಾರೆ. ಉರಿಮೂತ್ರ ಆದ್ರೂ ಮನ್ಯಾಗೆ ಹೇಳಲ್ಲ."

ಹಿರಿಯರು ಪೆನ್ನು ಕೆಳಗಿಟ್ಟರು.

"ಇಷ್ಟು ಗೊತ್ತಿದ್ದೂ ಇದನ್ನ ಯಾಕ ಬರೀಲಿಲ್ಲಮ್ಮ?"

"ಬರ್ದಿದ್ದೆ ಸರ್. ಕೆಂಪಗೆ ತೋರಿಸ್ತು. ಅಳಿಸಿಬಿಟ್ಟೆ."

ಅವರು ಸರಿಸಿಟ್ಟಿದ್ದ ಹಳೆಯ ಪ್ರತಿ ತೆಗೆದು ಆ ಪುಟ ಹುಡುಕಿ ಓದಿದರು. ಇದನ್ನೇ ಕೊಡು ಎಂದರು. ಆದರೆ ಈ ಸಲದ ಗಡುವು ಅಷ್ಟರಲ್ಲಿ ದಾಟಿಹೋಗಿತ್ತು. ಮೌಖಿಕ ಪರೀಕ್ಷೆ ಮುಂದಿನ ತಂಡದ ಜೊತೆ ಎಂದಾಯಿತು. ಹರಿಹರದ ಕೆಲಸ ಅಲ್ಲಿಯವರೆಗೆ ಕಾಯುವಂಥದ್ದಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೊರಗೆ ಬಂದಾಗ ಅವಳ ಕೈಯಲ್ಲಿ ಹಳೆಯ ಪ್ರತಿ ಇತ್ತು, ತಾನೇ ಬರೆದದ್ದು. ಮೆಟ್ಟಿಲ ಹತ್ತಿರ ನಿಂತಳು. ಏನೋ ಕೇಳಬೇಕೆಂದು ಬಾಯಿ ತೆರೆದು ಮುಚ್ಚಿದಳು.

"ಏನೇ ಅದು, ಹೇಳು," ಎಂದೆ.

"ಮೇಡಂ, ಇದನ್ನ ಕೊಡೋಕ್ಕಿಂತ ಮುಂಚೆ ಆ ಸೈಟಲ್ಲಿ ಒಂದೇ ಒಂದು ಸಲ ಚೆಕ್ ಮಾಡ್ಲಾ?"

ಬೈಯಲು ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ನನಗೆ ಅಳು ಬಂತು.