ಹದಿನಾಲ್ಕನೇ ನಂಬರಿನ ಮೇಷ್ಟ್ರು

ಅವರು ವಿಜ್ಞಾನದ ಮೇಷ್ಟ್ರು. ಮಕ್ಕಳು ನಂಬರ್ ಮೇಷ್ಟ್ರು ಅನ್ನುತ್ತಿದ್ದರು. ಉತ್ತರಪತ್ರಿಕೆಯಲ್ಲಿ ಅದೇ ತಪ್ಪು, ಅದೇ ಮಾತು ಬರೆದು ಬರೆದು ಕೈ ಸೋತಿತ್ತು. ಹಾಗಾಗಿ ಆ ಮಾತುಗಳನ್ನೆಲ್ಲ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಸಾಲಾಗಿ ಕೂಡಿಟ್ಟಿದ್ದರು. ಪ್ರತಿ ಮಾತಿಗೂ ಒಂದು ನಂಬರು. ಪತ್ರಿಕೆಯ ಅಂಚಿನಲ್ಲಿ ಬರೀ ನಂಬರು ಹಾಕುವುದು, ಮಕ್ಕಳು ಗೋಡೆಯ ಮೇಲಿನ ಹಾಳೆ ನೋಡಿ ಅರ್ಥ ತಿಳಿಯುವುದು. ನಗು ಕಡಿಮೆ, ಸಿಟ್ಟು ಜಾಸ್ತಿ. ಓದದೆ ಒಂದು ಪತ್ರಿಕೆಯನ್ನೂ ಕೆಳಗಿಟ್ಟವರಲ್ಲ.

ಅವತ್ತು ಹೆಡ್‌ಮೇಡಂ ಕರೆಸಿದರು. ಒಳಗೆ ಒಬ್ಬ ಹುಡುಗಿಯ ಅಪ್ಪ ನಿಂತಿದ್ದ. ಕುರ್ಚಿ ತೋರಿಸಿದರೂ ಕೂತಿರಲಿಲ್ಲ.

"ನನ್ನ ಮಗಳನ್ನ ಕಳ್ಳಿ ಅಂತೀರಾ?" ಅಂದ. ಪತ್ರಿಕೆ ಮೇಜಿನ ಮೇಲೆ ಬಿತ್ತು. ಅಂಚಿನಲ್ಲಿ ಹದಿನಾಲ್ಕು.

"ಹದಿನಾಲ್ಕು ಅಂದ್ರೆ ಉತ್ತರ ಸರಿ, ಕಾರಣ ಬರಿ ಅಂತ," ಅಂದರು ಮೇಷ್ಟ್ರು.

"ಗೋಡೆ ಮೇಲೆ ಬೇರೆ ಇದೆ. ಪಕ್ಕದವರದ್ದು ನೋಡಿ ಬರೆದಿದ್ದೀಯ ಅಂತಿದೆ. ಕ್ಲಾಸೆಲ್ಲ ನಕ್ಕಿದೆ. ಊಟ ಬಿಟ್ಟು ಮಲಗಿದಾಳೆ."

ಮೂಲೆಯಲ್ಲಿದ್ದ ಗಣಿತದ ಟೀಚರ್ ಗಂಟಲು ಸರಿಮಾಡಿಕೊಂಡಳು. "ನಾನೂ ನಿಮ್ಮ ಪಟ್ಟಿನೇ ಬಳಸ್ತೀನಲ್ಲ ಸರ್. ಹುಡುಕೋಕೆ ಸುಲಭ ಆಗ್ಲಿ ಅಂತ ನಿನ್ನೆ ಮಾತುಗಳನ್ನ ಅಕ್ಷರದ ಪ್ರಕಾರ ಜೋಡಿಸಿದೆ. ನಂಬರು ಕಂಪ್ಯೂಟರೇ ಹೊಸದಾಗಿ ಹಾಕ್ಕೊಳ್ತು. ಹೊಸ ಹಾಳೆ ಅಂಟಿಸಿದೆ."

"ನಾನು ಹಳೇ ನಂಬರಲ್ಲಿ ತಿದ್ದಿ ಕೊಟ್ಟ ಮೇಲೆ?"

"ಕೊಟ್ಟಿದೀನಿ ಅಂತ ನೀವೇನು ಹೇಳಿದ್ರಾ ನಂಗೆ?"

"ಮುಟ್ಟೋ ಮುಂಚೆ ಕೇಳೋಕೆ ಬಾಯಿರ್ಲಿಲ್ವಾ ನಿಂಗೆ?"

"ಅದು ನಿಮ್ಮಪ್ಪನ ಆಸ್ತೀನಾ?"

"ಸಾಕು," ಅಂದರು ಹೆಡ್‌ಮೇಡಂ.

ತಪ್ಪು ಯಾರದ್ದೆಂದು ಗೊತ್ತಾಯಿತು, ಮುಗಿಯಿತು ಅಂದುಕೊಂಡರು ಮೇಷ್ಟ್ರು. ಅಪ್ಪ ಅಲ್ಲಾಡಲಿಲ್ಲ.

"ನಿಮ್ಮಿಬ್ಬರ ಜಗಳ ನಂಗೆ ಬೇಡ. ಮೇಷ್ಟ್ರೇ, ನೀವು ಓದಿ ನಂಬರು ಹಾಕ್ತೀರಾ, ಸುಮ್ನೆ ಹಾಕ್ತೀರಾ? ನನ್ನ ಮಗಳು ಏನು ಬರೆದಿದ್ಲು, ನೋಡ್ದೆ ಹೇಳಿ."

ಮೇಷ್ಟ್ರು ಬಾಯಿ ತೆರೆದರು. ಓದಿದ್ದು ನಿಜ. ನೆನಪು ಬರಲಿಲ್ಲ. ಹದಿನಾಲ್ಕು ಹಾಕಿದ ಪತ್ರಿಕೆಗಳೆಲ್ಲ ತಲೆಯಲ್ಲಿ ಒಂದೇ ಆಗಿದ್ದವು.

"ನೋಡಿದ್ರಾ ಮೇಡಂ," ಅಂದ ಅಪ್ಪ. "ಇಂಥವರ ಕೈಗೆ ಮಕ್ಕಳನ್ನ ಕೊಟ್ಟಿದೀವಿ."

ಮೇಷ್ಟ್ರು ಪತ್ರಿಕೆ ಎಳೆದುಕೊಂಡು ನಿಂತೇ ಓದಿದರು. ನಂಬರನ್ನು ಹೊಡೆದು ಹಾಕಿ, ಕೆಳಗೆ ಬರೆದರು: "ಗಾಳಿ ಬೀಸಿದರೆ ಒದ್ದೆ ಬಟ್ಟೆ ಬೇಗ ಒಣಗುತ್ತದೆ ಎಂದು ಬರೆದಿದ್ದೀಯ. ಸರಿ. ಬಟ್ಟೆಯ ಹತ್ತಿರದಿಂದ ಗಾಳಿ ಏನನ್ನು ಒಯ್ಯುತ್ತದೆ? ನೀನು ನೋಡಿ ಬರೆದಿಲ್ಲ, ನನಗೆ ಗೊತ್ತು."

ಅಪ್ಪ ನಿಧಾನವಾಗಿ ಓದಿದ.

"ಇದನ್ನ ಮೊದ್ಲೇ ಬರೆಯೋಕೆ ನಿಮಗೇನು ರೋಗ?"

ಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡು ಹೋದ. ನಮಸ್ಕಾರ ಅನ್ನಲಿಲ್ಲ.

"ಹೊಸ ಹಾಳೆ ಕಿತ್ತು ಹಾಕಮ್ಮ," ಅಂದರು ಹೆಡ್‌ಮೇಡಂ ಟೀಚರಿಗೆ. ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ಉಳಿದ ಮಕ್ಕಳ ಪತ್ರಿಕೆನೂ ವಾಪಸ್ ತರಿಸ್ತೀನಿ. ಎಲ್ಲದಕ್ಕೂ ಕೈಯಲ್ಲೇ ಬರೀರಿ."

"ಎಲ್ಲದಕ್ಕೂನಾ?"

"ಎಲ್ಲದಕ್ಕೂ."

ಮೇಷ್ಟ್ರು ಯಾರ ಮುಖವನ್ನೂ ನೋಡಲಿಲ್ಲ. ಆ ಅಪ್ಪ ಕೂರದೆ ಬಿಟ್ಟ ಕುರ್ಚಿ ಎಳೆದುಕೊಂಡು ಕೂತರು, ಪತ್ರಿಕೆ ಬರಲಿ ಎಂದು.