ಒಂದೈದು ನಿಮಿಷ ಸಾಕು

ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಗೆ ಅವನು ಮೇಲ್ವಿಚಾರಕ. ಹಾಜರಿ ಪುಸ್ತಕದಲ್ಲಿ ಏನು ಹೆಸರಿತ್ತೋ, ಇಡೀ ಆಸ್ಪತ್ರೆ ಮಾತ್ರ ಅವನನ್ನು ‘ಪರವಾಗಿಲ್ಲ ಸಾರ್’ ಎಂದೇ ಕರೆಯುತ್ತಿತ್ತು. ವಾರ್ಡಿನವರು ಸೋಂಕಿನ ಬಟ್ಟೆಯನ್ನು ಮಾಮೂಲಿ ಚೀಲಕ್ಕೆ ತುಂಬಿ ಕಳಿಸಿದರೂ ಪರವಾಗಿಲ್ಲ. ಲಿಫ್ಟಿನಿಂದ ಅವನ ಗಾಡಿಯನ್ನು ಹೊರಗೆ ತಳ್ಳಿ ಬೇರೆಯವರು ಹತ್ತಿಕೊಂಡರೂ ಪರವಾಗಿಲ್ಲ. ಚಹಾದಲ್ಲಿ ನೊಣ ಬಿದ್ದಿದ್ದರೆ ನೊಣಕ್ಕೇ ‘ಪರವಾಗಿಲ್ಲ’ ಎಂದು ಸಮಾಧಾನ ಹೇಳುವ ಆಸಾಮಿ ಎಂದು ನರ್ಸುಗಳು ಆಡಿಕೊಳ್ಳುತ್ತಿದ್ದರು.

ಈ ಗುಣ ಬಂದದ್ದು ಸೋದರಮಾವನ ಮನೆಯಿಂದ. ಅಪ್ಪ ತೀರಿಕೊಂಡ ಮೇಲೆ ಅಲ್ಲೇ ಬೆಳೆದ. ಅತ್ತೆ ಕೆಟ್ಟವಳೇನಲ್ಲ, ಆದರೆ ಸೌಟು ಹಿಡಿದು ಅವನ ತಟ್ಟೆಯ ಹತ್ತಿರ ಬರುವಾಗ ಅವಳ ನಡಿಗೆ ನಿಧಾನವಾಗುತ್ತಿತ್ತು. ಹುಡುಗ ಅದನ್ನು ನೋಡಿ ಕಲಿತ. ಬಡಿಸುವ ಮೊದಲೇ ‘ಸಾಕು’ ಎಂದರೆ ಎಲ್ಲರಿಗೂ ಖುಷಿ, ‘ಎಂಥಾ ಒಳ್ಳೇ ಹುಡುಗ’ ಎಂಬ ಹೊಗಳಿಕೆ ಬೇರೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ಯಾರೂ ಅವನ ಕಿವಿಗೆ ಹಾಕಲಿಲ್ಲ. ಆ ಹೊಗಳಿಕೆಯ ರುಚಿ ಹತ್ತಿದವನು ಐವತ್ತು ದಾಟಿದರೂ ಬಿಡಲಿಲ್ಲ. ಹಸಿವು ತನ್ನೊಬ್ಬನದೇ ಆಗಿದ್ದ ತನಕ ಇದರಿಂದ ಯಾರಿಗೂ ನಷ್ಟವಿರಲಿಲ್ಲ.

ಅವನ ಕೈಕೆಳಗೆ ಗುತ್ತಿಗೆಯ ಮೇಲೆ ಇಬ್ಬರು ಹೆಂಗಸರಿದ್ದರು. ಒಬ್ಬಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಗಂಡನಿಲ್ಲದವಳು, ಮೊಣಕಾಲು ನೋವಿನವಳು. ಇನ್ನೊಬ್ಬಳು ಗಿಣಿ, ಚಿಕ್ಕ ಮಗುವಿನ ತಾಯಿ. ಬೆಳಿಗ್ಗೆ ಬಾಗಿಲು ತೆರೆದಾಗ ಬಾಯಿಯನ್ನೂ ತೆರೆದರೆ ಸಂಜೆ ಬೀಗ ಹಾಕುವಾಗಲೇ ಮುಚ್ಚುತ್ತಿದ್ದಳು ಎಂಬುದಕ್ಕೆ ಆ ಹೆಸರು. ಆಪರೇಷನ್ ಥಿಯೇಟರಿನಿಂದ ಬಂದ ಹೊದಿಕೆಗಳನ್ನು ಯಂತ್ರಕ್ಕೆ ಹಾಕುವ ಮೊದಲು ದಪ್ಪ ಕೈಗವಸು ಹಾಕಿಕೊಂಡು ಒಂದೊಂದಾಗಿ ಬಿಡಿಸಿ ನೋಡುವುದು ಇವರಿಬ್ಬರ ಕೆಲಸ. ಮಡಿಕೆಯೊಳಗೆ ಕತ್ತರಿ ಉಳಿದಿರುತ್ತದೆ, ಚಿಮಟ ಉಳಿದಿರುತ್ತದೆ, ಒಮ್ಮೊಮ್ಮೆ ಸೂಜಿಯೂ. ಈಗ ಬಟ್ಟೆ ಮಡಚುವ ಹೊಸ ಯಂತ್ರ ಬಂದಿತ್ತು. ಯಂತ್ರ ಬಂದ ಮೇಲೆ ಲಾಂಡ್ರಿಯಲ್ಲಿ ಇಬ್ಬರು ಹೆಚ್ಚು ಎಂದು ಕಚೇರಿಯಲ್ಲಿ ಯಾರೋ ಲೆಕ್ಕ ಹಾಕಿದ್ದರು. ಗುತ್ತಿಗೆ ಯಾರಿಗೆ ಮುಂದುವರಿಯಬೇಕು ಎಂಬ ಪಟ್ಟಿಗೆ ಡೈರೆಕ್ಟರ್ ಗುರುವಾರ ಮಧ್ಯಾಹ್ನ ಸಹಿ ಹಾಕಿ ಆಡಳಿತ ಮಂಡಳಿಗೆ ಕಳಿಸುವವರಿದ್ದರು. ಕಳಿಸಿದ ಮೇಲೆ ಒಂದು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ.

ಮಡಚುವ ಯಂತ್ರ ಒಗೆದ ಬಟ್ಟೆಯನ್ನು ಮಡಚುತ್ತದೆ, ಒಗೆಯುವ ಮೊದಲಿನ ಬಟ್ಟೆಯೊಳಗಿನ ಕತ್ತರಿ ಅದಕ್ಕೆ ಕಾಣುವುದಿಲ್ಲ. ಇಷ್ಟನ್ನು ಡೈರೆಕ್ಟರಿಗೆ ಬಿಡಿಸಿ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಲು ಅರ್ಧ ಗಂಟೆ ಬೇಕಿತ್ತು. ಅದೂ ಗುರುವಾರದೊಳಗೆ. ಇದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಸೋಮವಾರ ನಾಲ್ಕನೇ ಮಹಡಿಗೆ ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದ.

ಡೈರೆಕ್ಟರರ ಕೋಣೆಯ ಹೊರಗೆ ಅವರ ಪಿ.ಎ. ಕುಳಿತಿದ್ದಳು. ಒಂದು ಕಿವಿಗೆ ಫೋನು, ಕಣ್ಣು ಪರದೆಯ ಮೇಲೆ. ಅವಳಿಗೆ ತೊಂದರೆಯಾಯಿತೆಂದು ಕಂಡದ್ದೇ ತಡ, ಬಾಯಿಪಾಠವೆಲ್ಲ ಮಂಗಮಾಯ.

“ಹೇಳಿ ಸಾರ್.”

“ಏನಿಲ್ಲ ಮೇಡಂ, ಸಾಹೇಬ್ರ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು.”

“ಎಷ್ಟು ಹೊತ್ತು ಬೇಕು?”

“ಒಂದೈದು ನಿಮಿಷ ಸಾಕು.”

“ಯಾವ ವಿಷಯ? ಯಾವತ್ತಿನೊಳಗೆ ಆಗ್ಬೇಕು?”

“ಹೀಗೇ, ಲಾಂಡ್ರಿ ವಿಷಯ. ಅರ್ಜೆಂಟ್ ಏನಿಲ್ಲ ಮೇಡಂ. ಅವ್ರಿಗೆ ಬಿಡುವಾದಾಗ. ಯಾವಾಗಾದ್ರೂ ಸರಿ.”

ನಮ್ಮ ಜನರ ಐದು ನಿಮಿಷ ಎಂಥದ್ದು ಎಂದು ಎಲ್ಲರಿಗೂ ಗೊತ್ತು. ‘ಐದು ನಿಮಿಷದಲ್ಲಿ ಬಂದೆ’ ಎಂದು ಫೋನಿನಲ್ಲಿ ಹೇಳುವವನು ಇನ್ನೂ ಸ್ನಾನಕ್ಕೇ ಇಳಿದಿರುವುದಿಲ್ಲ. ಆದರೆ ಪಿ.ಎ. ಬರೆದುಕೊಳ್ಳುವ ಕ್ಯಾಲೆಂಡರಿನಲ್ಲಿ ವಿನಯಕ್ಕೆಂದು ಬೇರೆ ಜಾಗವಿಲ್ಲ. ಅಲ್ಲಿ ಐದು ಎಂದರೆ ಐದೇ. ಅವಳು ಕೀಲಿಗಳನ್ನು ಒತ್ತಿ ನೋಡಿದಳು.

“ಶುಕ್ರವಾರ ಸಂಜೆ ನಾಲ್ಕು ಹತ್ತಕ್ಕೆ, ಎರಡು ಮೀಟಿಂಗ್ ಮಧ್ಯೆ ಐದು ನಿಮಿಷ ಇದೆ. ಅರ್ಜೆಂಟ್ ಇಲ್ಲ ಅಂತೀರಿ, ದೊಡ್ಡದೇನಾದ್ರೂ ಬಂದ್ರೆ ನಿಮ್ದನ್ನ ಮುಂದಕ್ಕೆ ಹಾಕ್ತೀನಿ. ಆಗಬಹುದಾ?”

ಶುಕ್ರವಾರ ಎಂದರೆ ಪಟ್ಟಿ ಹೋದ ಮರುದಿನ. ಆ ಒಂದು ಮಾತು ಅವನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

“ಪರವಾಗಿಲ್ಲ ಮೇಡಂ” ಎಂದು ಕೋಲೆಬಸವನ ಹಾಗೆ ತಲೆಯಾಡಿಸಿ ಇಳಿದು ಬಂದ. ಇಳಿಯುವಾಗ ಬೀಸುವ ದೊಣ್ಣೆ ತಪ್ಪಿದವನಂತೆ ಹಗುರಾಗಿದ್ದ ಎಂಬುದನ್ನು ಮುಚ್ಚಿಡಬಾರದು.

ಕೆಳಗೆ ಇಬ್ಬರು ಹೆಂಗಸರೂ ಕಾಯುತ್ತಿದ್ದರು. ಏನಾಯಿತು ಎಂದು ಕೇಳಿದರು. ಅವನಿಗೆ ಒಳ್ಳೆಯವನಾಗಿಯೇ ಉಳಿಯಬೇಕಿತ್ತು.

“ಕೇಳ್ದೆ ಕಣಮ್ಮ. ಆ ಪಿ.ಎ. ಶುಕ್ರವಾರಕ್ಕಿಂತ ಮುಂಚೆ ಟೈಮೇ ಇಲ್ಲ ಅಂದ್ಬಿಟ್ಳು. ದೊಡ್ಡೋರ ಬಾಗಿಲು, ಏನ್ ಮಾಡೋದು?”

ಹೀಗೆ ಗೂಬೆಯನ್ನು ಪಿ.ಎ. ತಲೆಯ ಮೇಲೆ ಕೂರಿಸಿ, ಒಣಗಿದ ಬಟ್ಟೆಯ ರಾಶಿಯ ಕಡೆ ಹೋದ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ “ಯಾಕ್ರೀ, ಅನ್ನ ಸೇರ್ತಿಲ್ವಾ?” ಎಂದಳು. ಏನಿಲ್ಲ ಎಂದ.

ಬುಧವಾರ ಬೆಳಿಗ್ಗೆ ಗಿಣಿ ನಾಲ್ಕನೇ ಮಹಡಿಗೆ ಪರದೆ ಬಟ್ಟೆ ಕೊಡಲು ಹೋದಳು. ಹೋದವಳು ಸುಮ್ಮನೆ ಬರುತ್ತಾಳೆಯೇ? “ನಮ್ ಸಾರ್ ಗುತ್ತಿಗೆ ಪಟ್ಟಿಗೋಸ್ಕರ ಅಷ್ಟು ಬೇಡ್ಕೊಂಡ್ರೂ ಗುರುವಾರದೊಳಗೆ ಅರ್ಧ ಗಂಟೆ ಕೊಡೋಕಾಗ್ಲಿಲ್ವಾ? ನಿಮ್ಗೂ ಮಕ್ಕಳು ಮರಿ ಇಲ್ವಾ?” ಎಂದು ನಾಲ್ಕು ಜನರೆದುರಿಗೆ ಪಿ.ಎ.ಯನ್ನು ತರಾಟೆಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಪಿ.ಎ. ತಾನೇ ನೆಲಮಾಳಿಗೆಗೆ ಇಳಿದು ಬಂದಳು, ಹಿಂದೆಯೇ ಗಿಣಿ. ಪಿ.ಎ. ಅಲ್ಲಿಗೆ ಬಂದದ್ದು ಅದೇ ಮೊದಲು. ಹಬೆಗೆ ಕನ್ನಡಕ ಮಂಜಾಗಿ, ಅದನ್ನು ತೆಗೆದು ಸೀರೆಯ ಸೆರಗಿಗೆ ಒರೆಸುತ್ತ ಕೇಳಿದಳು.

“ಸಾರ್, ಗುರುವಾರದೊಳಗೆ ಬೇಕು ಅಂತ ನೀವು ನನ್ನ ಹತ್ರ ಹೇಳಿದ್ರಾ?”

ಯಂತ್ರ ಗರಗರ ಸುತ್ತುತ್ತಿತ್ತು. ಗಿಣಿ ಅವನ ಮುಖ ನೋಡಿದಳು, ದೊಡ್ಡಮ್ಮ ತನ್ನ ಕೈಗವಸು ನೋಡಿಕೊಂಡಳು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಬೈದಿದ್ದರೂ ತಾಳಿಕೊಳ್ಳುತ್ತಿದ್ದ; ಪಿ.ಎ. ಬೈಯಲೂ ಇಲ್ಲ.

“ಇಲ್ಲ ಮೇಡಂ,” ಎಂದ ಕೊನೆಗೆ. “ಹೇಳ್ಲಿಲ್ಲ. ಇವ್ರಿಗೆ ಸುಳ್ಳು ಹೇಳ್ದೆ.”

“ನಿನ್ನೆ ಒಂದು ಮೀಟಿಂಗ್ ರದ್ದಾಗಿ ಅರ್ಧ ಗಂಟೆ ಖಾಲಿ ಆಯ್ತು ಸಾರ್. ಅಡುಗೆಮನೆ ಇನ್‌ಚಾರ್ಜ್ ಕೇಳಿಟ್ಟಿದ್ರು. ಗುತ್ತಿಗೆ ಪಟ್ಟಿ ವಿಷಯ, ಬುಧವಾರದೊಳಗೆ, ಅರ್ಧ ಗಂಟೆ, ಊಟ ಬಡಿಸೋ ಹೊತ್ತು ಬಿಟ್ಟು ಯಾವಾಗ ಕರೆದ್ರೂ ಬರ್ತೀನಿ ಅಂತ. ಅವ್ರಿಗೆ ಕೊಟ್ಟೆ. ನಿಮ್ದೂ ಅದೇ ವಿಷಯ ಅಂತ ಗೊತ್ತಿದ್ದಿದ್ರೆ ಇಬ್ಬರನ್ನೂ ಒಟ್ಟಿಗೆ ಕೂರಿಸ್ತಿದ್ದೆ. ನಂಗೆ ಹೇಗೆ ಗೊತ್ತಾಗ್ಬೇಕು ಹೇಳಿ?”

ಹೇಗೆ ಗೊತ್ತಾಗಬೇಕು? ಇಷ್ಟು ದಿನ ತನ್ನ ಸಂಕೋಚವನ್ನು ಒಳ್ಳೆಯತನ ಎಂದುಕೊಂಡಿದ್ದ. ಒಳ್ಳೆಯತನವೂ ಅಲ್ಲ, ಮಣ್ಣೂ ಅಲ್ಲ. ಯಾರ ಹುಬ್ಬೂ ಗಂಟಿಕ್ಕಬಾರದು, ಎಲ್ಲರೂ ತನ್ನನ್ನು ಹೊಗಳಬೇಕು ಎಂಬ ದುರಾಸೆ. ಅದರ ಬೆಲೆ ತೆರಬೇಕಾದವರು ಎದುರಿಗೇ ನಿಂತಿದ್ದರು.

“ಈಗ ಹೇಳಿ,” ಎಂದಳು ಪಿ.ಎ.

ಅವನು ಹೇಳಿದ. “ಗುತ್ತಿಗೆ ಪಟ್ಟೀಲಿ ಇವ್ರಿಬ್ಬರ ಹೆಸರು ಉಳಿಸೋ ವಿಷಯ ಮೇಡಂ. ಪಟ್ಟಿಗೆ ಸಹಿ ಬೀಳೋ ಮೊದಲೇ ಆಗ್ಬೇಕು, ಆಮೇಲೆ ಸಿಕ್ಕಿದ್ರೆ ಪ್ರಯೋಜನ ಇಲ್ಲ. ಅರ್ಧ ಗಂಟೆ ಬೇಕು. ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಆದ್ರೆ ಆಗಲ್ಲ. ನಾಳೆ ಬೆಳಿಗ್ಗೆ ಎಷ್ಟು ಬೇಗ ಬೇಕಾದ್ರೂ ಬರ್ತೀನಿ. ಮಧ್ಯಾಹ್ನಕ್ಕೆ ಮಾತ್ರ ತಳ್ಳಬೇಡಿ.”

“ಇಷ್ಟೇ ತಾನೆ ಬೇಕಾಗಿದ್ದಿದ್ದು?” ಎಂದು ಅವಳು ಅಲ್ಲೇ ನಿಂತು ಫೋನಿನಲ್ಲಿ ನೋಡಿದಳು. “ಎಂಟೂವರೆಗೆ ಅವ್ರು ಒಬ್ಬರೇ ಕೂತು ಪತ್ರ ನೋಡೋ ಹೊತ್ತು. ಅದನ್ನ ಯಾರಿಗೂ ಕೊಡಲ್ಲ. ಕೇಳಿ ನೋಡ್ತೀನಿ.” ಅರ್ಧ ಗಂಟೆಯಲ್ಲಿ ಫೋನು ಬಂತು: ಎಂಟೂವರೆಯಿಂದ ಒಂಬತ್ತು, ಖಚಿತ.

ಗುರುವಾರ ಅವನು ಬಟ್ಟೆಯೊಳಗೆ ಸಿಕ್ಕ ಚಿಮಟ ಕತ್ತರಿಗಳನ್ನು ತೊಳೆಸಿ ಒಂದು ತಟ್ಟೆಯಲ್ಲಿ ತೆಗೆದುಕೊಂಡು ಹೋದ. ಡೈರೆಕ್ಟರ್ ಕೆಟ್ಟವರಲ್ಲ. ಪೂರ್ತಿ ಕೇಳಿದರು, ಒಂದು ಕತ್ತರಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ನೀವು ಹೇಳೋದು ಸರಿ ಇದೆ,” ಎಂದರು. “ಸೋಮವಾರ ಬಂದಿದ್ರೆ ಇಬ್ಬರನ್ನೂ ಉಳಿಸಬಹುದಿತ್ತು. ಮೊನ್ನೆ ಅಡುಗೆಮನೆಯವ್ರು ಬಂದು ಜನ ಸಾಲದು ಅಂದ್ರು. ಲಾಂಡ್ರಿಯಿಂದ ಯಾರೂ ಏನೂ ಹೇಳಿಲ್ಲ ಅಂತ ನಿಮ್ಮ ಕಡೆಯ ಒಂದು ಜಾಗ ಅವ್ರಿಗೆ ಕೊಟ್ಟುಬಿಟ್ಟೆ. ಅಲ್ಲಿಗೆ ಸೇರಿಸ್ಕೊಳ್ಳೋ ಹುಡುಗನಿಗೆ ಹೇಳಿನೂ ಆಗಿದೆ. ಒಂದು ಉಳಿದಿದೆ. ಯಾರ ಹೆಸರು ಬರೀಲಿ?”

ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು ನಿನಗೇನು ಬೇಕು ಎಂದು ಕೇಳಿ, ಪೆನ್ನು ಹಿಡಿದು ಕಾಯುತ್ತಿದ್ದರು. ನೀವೇ ತೀರ್ಮಾನಿಸಿ ಎನ್ನುವ ಮಾತು ಬಾಯಿಯವರೆಗೂ ಬಂತು. ಅದನ್ನು ನುಂಗಿಕೊಂಡ. ಸೂಜಿ ಹುಡುಕುವುದರಲ್ಲಿ ದೊಡ್ಡಮ್ಮನ ಕೈ ತಪ್ಪಿದ್ದಿಲ್ಲ, ಈ ವಯಸ್ಸಿನಲ್ಲಿ ಬೇರೆ ಕಡೆ ಅವಳನ್ನು ಯಾರೂ ಸೇರಿಸಿಕೊಳ್ಳುವುದೂ ಇಲ್ಲ. ಅವಳ ಹೆಸರು ಹೇಳಿದ. ಹೇಳುವಾಗ ಗಿಣಿಯ ಮಗು ಕಣ್ಣ ಮುಂದೆ ಬಂತು. ನೆಲಮಾಳಿಗೆಯಲ್ಲಿ ಒಗೆದ ಬಟ್ಟೆಯ ಗಾಡಿಯೊಳಗೆ ಕೂತು ಆಡುತ್ತಿದ್ದ ಮಗು.

ಹೊರಗೆ ಬಂದಾಗ ಪಿ.ಎ. ತಲೆಯೆತ್ತಿ ನೋಡಿದಳು. “ಒಂದೇ ಉಳೀತು ಮೇಡಂ,” ಎಂದ. ಅವಳು ಹೊಡೆದುಕೊಳ್ಳುತ್ತಿದ್ದ ಫೋನನ್ನು ಎತ್ತಿಕೊಂಡಳು.

ಗಿಣಿಗೆ ಬೇರೆಯವರ ಬಾಯಿಂದ ಗೊತ್ತಾಗುವ ಮೊದಲೇ ತಾನೇ ಹೇಳಬೇಕೆಂದು ನೇರವಾಗಿ ಕೆಳಗೆ ಹೋದ. ಅವಳು ಮಡಚುವ ಯಂತ್ರಕ್ಕೆ ಹಿಡಿಸದ ಒಂದು ದೊಡ್ಡ ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದಿದ್ದಳು. ಇನ್ನೆರಡು ಮೂಲೆ ದೊಡ್ಡಮ್ಮನ ಕೈಯಲ್ಲಿದ್ದವು.

“ದೊಡ್ಡಮ್ಮ ಉಳಿದ್ರು. ನಿಂದು ಆಗ್ಲಿಲ್ಲ ಕಣಮ್ಮ. ಸೋಮವಾರ ನಾನು ಸರಿಯಾಗಿ ಕೇಳಿದ್ದಿದ್ರೆ ಇಬ್ಬರದೂ ಉಳೀತಿತ್ತಂತೆ. ತಪ್ಪು ನಂದೇ. ನಿನ್ನ ಹೆಸರು ಬಿಟ್ಟು ಅವ್ರ ಹೆಸರು ಹೇಳಿದ್ದೂ ನಾನೇ.”

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗಿಣಿ ಈಗ ಕೂಗುತ್ತಾಳೆ, ಕೂಗಲಿ, ಎಷ್ಟು ಬೇಕಾದರೂ ಬೈಯಲಿ ಎಂದು ಅವನು ಕಾದ. ಅವಳು ಕೂಗಲಿಲ್ಲ. ತನ್ನ ಕಡೆಯ ಮೂಲೆಗಳನ್ನು ಕೂಡಿಸಿ, ನಡೆದು ಹೋಗಿ ದೊಡ್ಡಮ್ಮನ ಮೂಲೆಗಳಿಗೆ ಸೇರಿಸಿ, ಮಡಚಿ, ರಾಶಿಯ ಮೇಲಿಟ್ಟಳು.

“ನೀವಿದ್ದೀರಲ್ಲ ಸಾರ್, ಅಂತ ನಾವು ಬೇರೆ ಯಾರನ್ನೂ ಕೇಳೋಕೇ ಹೋಗ್ಲಿಲ್ಲ,” ಎಂದಳು.