ನಾಲ್ಕು ಗಂಟೆಯ ಗರಿಗರಿ ದೋಸೆ

ನಮ್ಮ ಹೋಟೆಲಿನ ಗರಿಗರಿ ಅಕ್ಕ ಫೋನಿನಲ್ಲಿ ನಾಲ್ಕು ಸಾಲು ಗೀಚಿದರೆ ಸಾಕು, ಹೊಟ್ಟೆ ಬಿರಿಯ ಉಂಡು ಮಲಗಿದವನೂ ಎದ್ದು ನಮ್ಮ ಬಾಗಿಲಿಗೇ ಓಡಿಬರುತ್ತಾನೆ ಎಂದು ನಾನು ಊರೆಲ್ಲ ಡಂಗುರ ಸಾರಿದ್ದೆ. ಅವಳ ಪೋಸ್ಟಿಗೆ ಗೋಡೆಯ ಮೇಲಿನ ಹಲ್ಲಿ ಜೊಲ್ಲು ಸುರಿಸಿದ್ದನ್ನು ಈ ಕಣ್ಣಾರೆ ಕಂಡಿದ್ದೇನೆ. ನಂಬದವರು ಹಲ್ಲಿಯನ್ನೇ ಕೇಳಬಹುದು. ಅಂದಹಾಗೆ, ಹೋಟೆಲ್ ನನ್ನದಲ್ಲ. ದಿನಾ ಒಂದು ಕಾಫಿಗೆ ಅರ್ಧ ದಿನ ಕೂರುವವನಿಗೆ ‘ನಮ್ಮ’ ಎನ್ನುವ ಹಕ್ಕು ತಾನಾಗಿ ಬರುತ್ತದೆ.

ಅಕ್ಕ ಮಾಲೀಕನ ನಾದಿನಿ. ಬರೆಯುವ ದಿನ ಏನೂ ತಿನ್ನುವುದಿಲ್ಲ. ತುಂಬಿದ ಹೊಟ್ಟೆಯಿಂದ ಬರೆದರೆ ಅಕ್ಷರ ತೇಗುತ್ತದಂತೆ. ಹಂಚಿನಿಂದ ಎದ್ದ ದೋಸೆಯನ್ನು ಕಿಟಕಿಯ ಬೆಳಕಿಗೆ ಒಯ್ದು, ಮೆತ್ತಗಾಗುವ ಮುಂಚೆ ಫೋಟೊ ಹಿಡಿಯುತ್ತಾಳೆ. ಚಟ್ನಿ ದೂರ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಂಚು ಮುರಿದು ಸದ್ದು ಕೇಳುತ್ತಾಳೆ.

ಎದುರುಗಡೆ ದಿನವಿಡೀ ದೋಸೆ ಹುಯ್ಯುವ ಹೋಟೆಲ್ ಶುರುವಾದ ಮೇಲೆ ನಮ್ಮ ಬೆಳಗಿನ ಮೇಜುಗಳು ಖಾಲಿ ಹೊಡೆಯುತ್ತಿದ್ದವು. ಹೊಸದಾಗಿ ದೋಸೆ, ವಡೆ, ಕಾಫಿಯ ಕಾಂಬೊ ಮಾಡಿದ ಮಾಲೀಕ, ಇದೂ ಓಡದಿದ್ದರೆ ಬರೆಯುವ ಕೆಲಸ ಜಾಹೀರಾತು ಏಜೆನ್ಸಿಗೆ ಎಂದುಬಿಟ್ಟ. ಅವಳಿಗಿದ್ದ ಸಂಬಳ ಅದೊಂದೇ.

ಅಕ್ಕ ಬರೆದಳು: ‘ಹಂಚಿಗೆ ಹಿಟ್ಟು ಬಿದ್ದು ಚೊಂಯ್ ಎಂದಿತು. ತುಪ್ಪ ಅಂಚಿಗೆ ಹರಿಯಿತು. ದೋಸೆ ಜೇನುಬಣ್ಣಕ್ಕೆ ತಿರುಗಿ, ತಾನೇ ಹಂಚು ಬಿಟ್ಟೆದ್ದಿತು. ಮುರಿಯಿರಿ, ಕರ್ರುಂ ಎನ್ನುತ್ತದೆ. ಒಳಗೆ ಮಾತ್ರ ಹತ್ತಿ. ವಡೆಯನ್ನು ಚಟ್ನಿಯಲ್ಲಿ ಮುಳುಗಿಸಿ. ಕಾಫಿಯ ನೊರೆ ಮೀಸೆಗೆ ಹತ್ತಲಿ, ಒರೆಸಿಕೊಳ್ಳಬೇಡಿ.’ ಕೊನೆಯಲ್ಲಿ ‘ಬೆಳಗ್ಗೆ ಏಳರಿಂದ ಹನ್ನೊಂದು’ ಎಂದಿತ್ತು.

ಬೆಳಗ್ಗೆ ಆರೂವರೆಗೆ ಹಾಕೋಣ ಎಂದಳು. ಮಾಲೀಕ ಒಪ್ಪಲಿಲ್ಲ. ಜನ ಫೋನ್ ನೋಡುವುದು ಸಂಜೆ ನಾಲ್ಕಕ್ಕೆ ಎಂದು ಅವನಿಗೆ ಯಾರೋ ಹೇಳಿದ್ದರು. ಹೊತ್ತು ಗೊತ್ತಿನ ಸಾಲು ರುಚಿ ಕೆಡಿಸುತ್ತದೆ ಎಂದು ತಾನೇ ಅಳಿಸಿ, ನಾಲ್ಕಕ್ಕೆ ಸರಿಯಾಗಿ ಒತ್ತಿದ.

ನಾಲ್ಕೂವರೆಗೆ ಬೀದಿ ತುಂಬಿತು. ಕಚೇರಿಯವರು, ಟೈಲರು, ಆಟೊದವರು, ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದವನೊಬ್ಬ. ನಮ್ಮ ಹಂಚು ತಣ್ಣಗೆ ಮಲಗಿತ್ತು, ಹಿಟ್ಟು ಖಾಲಿ. ನಾಳೆಯದು ಇನ್ನೂ ರುಬ್ಬುಗಲ್ಲಿನಲ್ಲಿತ್ತು, ಹುಳಿ ಬರಲು ರಾತ್ರಿಯಿಡೀ ಬೇಕು. ನಾಳೆ ಬನ್ನಿ ಎಂದು ಮಾಲೀಕ ಕೈಮುಗಿದ. ಹಸಿವಿಗೆ ನಾಳೆ ಎಲ್ಲಿಯದು? ಅಷ್ಟೂ ಜನ ಸೀದಾ ರಸ್ತೆ ದಾಟಿದರು. ಎದುರಿನವನು ಹೆಚ್ಚುವರಿ ಕುರ್ಚಿಗೆ ನಮ್ಮಲ್ಲಿಗೇ ಆಳು ಕಳಿಸಿದ. ನಾನೂ ಒಂದು ಕುರ್ಚಿ ಹೊತ್ತುಕೊಂಡು ಹೋದೆ, ಸಹಾಯಕ್ಕೆಂದು.

ವಾಪಸು ಬಂದಾಗ ಮಾಲೀಕ ಗಲ್ಲಾ ಮುಂದೆ ಕುದಿಯುತ್ತಿದ್ದ.

“ಎದುರಿನವನಿಗೆ ವ್ಯಾಪಾರ ಮಾಡ್ಕೊಟ್ಟೆಯಲ್ಲಮ್ಮ. ನಾಳೆಯಿಂದ ಬರೆಯೋದು ಏಜೆನ್ಸಿಯವರು.”

ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು.

“ಕೊಡಿ ಭಾವ. ಆದ್ರೆ ಅವರಿಗೆ ಮೊದಲೇ ಹೇಳ್ಬಿಡಿ, ನಮ್ಮಲ್ಲಿ ಹಂಚು ಆರಿದ ಮೇಲೇ ಹಸಿವು ಹುಟ್ಟಿಸ್ಬೇಕು ಅಂತ.”